ಬಿಲ್ಡರ್ ಜೊತೆ ಜೆಡಿಎ ಮಾಡುವ ಮೊದಲು: ಪಾಲು, ಗಡುವು, ಮಾತು ತಪ್ಪಿದರೆ ಎಂತ?

ಕಳೆದ ವರ್ಷ ದೀಪಾವಳಿ ಮುಗಿದ ವಾರ ಮಾವನ ಫೋನು. "ಬಿಲ್ಡರ್‌ನವರು ಅಗ್ರಿಮೆಂಟ್ ಕಳಿಸಿದ್ದಾರೆ ಮಾರಾಯ, 38 ಪುಟ ಉಂಟು, ಶನಿವಾರ ಸಹಿಯಂತೆ. ನೀನೊಮ್ಮೆ ಬಂದು ನೋಡು." ನಾನು ವಕೀಲನಲ್ಲ. ಮಂಗಳೂರಿನ ಬ್ಯಾಂಕೊಂದರಲ್ಲಿ ಇಪ್ಪತ್ತು ವರ್ಷ ಮನೆ ಸಾಲದ ಫೈಲ್ ನೋಡಿದವನು. ಹಾಗಾಗಿ ಇಂಥ ಅಗ್ರಿಮೆಂಟ್‌ಗಳು ಎಲ್ಲಿ ಕೈಕೊಡುತ್ತವೆ ಅಂತ ಒಂದಿಷ್ಟು ಗೊತ್ತು. ಕದ್ರಿ ಗುಡ್ಡದ ಬದಿಯಲ್ಲಿ ಮಾವನಿಗೆ 40 ಸೆಂಟ್ಸ್ ಜಾಗ, ಅದರಲ್ಲೊಂದು ಹಳೇ ಹಂಚಿನ ಮನೆ, ಬಾವಿ, ಮೂಲೆಯಲ್ಲಿ ನಾಗಬನ. ಜಾಗ ಮಾವನದು, ಕಟ್ಟುವ ಖರ್ಚು ಬಿಲ್ಡರ್‌ದು, ಕೊನೆಗೆ 40:60 ಪಾಲು. ಇಂಥ ಕರಾರಿಗೇ ಜಾಯಿಂಟ್ ಡೆವಲಪ್‌ಮೆಂಟ್ ಅಗ್ರಿಮೆಂಟ್, ಚುಟುಕಾಗಿ ಜೆಡಿಎ ಅನ್ನುವುದು. ಬಾಯಿಮಾತಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ಚಾವಡಿಯಲ್ಲಿ ಕೂತು ಪೆನ್ಸಿಲ್ ಹಿಡಿದು ಓದಿದೆ. ಮೂರು ಕಡೆ ಗೆರೆ ಎಳೆದೆ: ಪಾಲಿನ ಅಳತೆ, ಗಡುವು ಯಾವತ್ತಿಂದ ಶುರು, ತಪ್ಪಿದರೆ ಯಾರು ಏನು ಕೊಡಬೇಕು. ಉಳಿದ 30 ಪುಟ ಹೆಚ್ಚುಕಡಿಮೆ ಎಲ್ಲ ಜೆಡಿಎಗಳಲ್ಲೂ ಒಂದೇ ಥರ ಇರುತ್ತದೆ. ಆ ಮೂರು ಜಾಗವನ್ನು ಹೇಗೆ ಓದಬೇಕು ಅಂತ ಮಾವನ ಕಾಗದವನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಜಾಗ ಉಡುಪಿಯಲ್ಲಿರಲಿ, ಮಣಿಪಾಲದಲ್ಲಿರಲಿ, ಓದುವ ಕ್ರಮ ಇದೇ.

ಮೊದಲು ಪಾಲು: ಪರ್ಸೆಂಟ್ ಬಿಡಿ, ಫ್ಲಾಟ್ ನಂಬರ್ ಕೇಳಿ

ಕರಡಿನಲ್ಲಿ ಇದ್ದದ್ದು ಇಷ್ಟು: "ಒಟ್ಟು ಸೂಪರ್ ಬಿಲ್ಟ್‌ಅಪ್ ಏರಿಯಾದ ಶೇಕಡಾ 40 ಮಾಲೀಕರಿಗೆ". ಓದಿದರೆ ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ತೊಂದರೆ ಇರುವುದು ಸೂಪರ್ ಬಿಲ್ಟ್‌ಅಪ್ ಅನ್ನುವ ಮಾತಿನಲ್ಲಿ. ಮನೆಯೊಳಗೆ ನಾವು ನಿಜವಾಗಿ ಕಾಲಿಡುವ ಜಾಗ ಕಾರ್ಪೆಟ್ ಏರಿಯಾ. ಅದಕ್ಕೆ ಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟ್, ಲಾಬಿ, ಜಿಮ್ ಎಲ್ಲ ಸೇರಿಸಿದರೆ ಸೂಪರ್ ಬಿಲ್ಟ್‌ಅಪ್. ಯಾವ ಫ್ಲಾಟಿನ ಮೇಲೆ ಎಷ್ಟು ಹೊರೆ ಹಾಕಬೇಕು ಅನ್ನುವುದು ಬಿಲ್ಡರ್ ಕೈಯಲ್ಲಿರುತ್ತದೆ. ಅದಕ್ಕೆ ಕಾನೂನಿನ ಅಳತೆ ಅಂತ ಯಾವುದೂ ಇಲ್ಲ. ಕಾರ್ಪೆಟ್‌ಗೆ ಹಾಗಲ್ಲ, ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಲ್ಲೇ ಅರ್ಥ ಬರೆದಿದ್ದಾರೆ: ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಬಿಟ್ಟು, ಒಳಗೋಡೆ ಸೇರಿಸಿ, ಬಳಸಬಹುದಾದ ನೆಲ.

ಮಾವನ ಲೆಕ್ಕ ನೋಡಿ. ಕೆಳಗೆ ಪಾರ್ಕಿಂಗ್, ಮೇಲೆ 8 ಮಹಡಿ, ಮಹಡಿಗೆ 4, ಒಟ್ಟು 32 ಫ್ಲಾಟ್. ಸೂಪರ್ ಬಿಲ್ಟ್‌ಅಪ್ 40,000 ಚದರಡಿ, ಕಾರ್ಪೆಟ್ 28,000. ಅದರ 40 ಪರ್ಸೆಂಟ್ ಅಂದರೆ ಸೂಪರ್ ಲೆಕ್ಕದಲ್ಲಿ 16,000, ಕಾರ್ಪೆಟ್ ಲೆಕ್ಕದಲ್ಲಿ 11,200. ಕೊನೇ ಪುಟದ ಪಟ್ಟಿಯಲ್ಲಿ ಮಾವನಿಗೆ ಕೊಟ್ಟದ್ದು 12 ಫ್ಲಾಟ್, ಒಂದೊಂದೂ 1,330 ಚದರಡಿ, ಕೂಡಿಸಿದರೆ 15,960. ಹೆಚ್ಚುಕಡಿಮೆ 16,000 ಆಯ್ತಲ್ಲ ಅಂತ ಮಾವ ಖುಷಿಯಲ್ಲಿದ್ದರು. ಆರ್ಕಿಟೆಕ್ಟ್ ನಕ್ಷೆ ತರಿಸಿ ಕೋಣೆ ಕೋಣೆ ಅಳತೆ ಹಾಕಿದರೆ ಆ ಫ್ಲಾಟ್‌ಗಳ ಕಾರ್ಪೆಟ್ ಸರಾಸರಿ 890 ಮಾತ್ರ. 12ಕ್ಕೆ 10,680. ಅಂದರೆ 520 ಚದರಡಿ ಕಮ್ಮಿ. ಒಂದು ಸಣ್ಣ ಸಿಂಗಲ್ ಬೆಡ್‌ರೂಮ್ ಮನೆಯಷ್ಟು ಜಾಗ ಲಾಬಿ, ಟೆರೇಸ್ ಲೆಕ್ಕದಲ್ಲಿ ಕರಗಿ ಹೋಗಿತ್ತು.

ಅದಕ್ಕಿಂತ ದೊಡ್ಡ ವಿಷಯ ಮಾವ ಗಮನಿಸಿಯೇ ಇರಲಿಲ್ಲ. ಆ 12 ಫ್ಲಾಟ್ ಯಾವುವು? ಒಂದು, ಎರಡು, ಮೂರನೇ ಮಹಡಿ ಪೂರ್ತಿ. ಆ ಜಾಗದಲ್ಲಿ ಐದನೇ ಮಹಡಿ ದಾಟಿದರೆ ಪಡುವಣಕ್ಕೆ ಕಡಲು ಕಾಣುತ್ತದೆ. ಕಡಲು ಕಾಣುವ ಮನೆಗೆ ರೇಟು ಬೇರೆ. 40:60 ಅನ್ನುವುದು ಚದರಡಿಯಲ್ಲಿ ಸರಿ ಇದ್ದರೂ ದುಡ್ಡಿನಲ್ಲಿ ಸರಿ ಇರಲಿಲ್ಲ.

ಹಾಗಾಗಿ ನಾವು ಕೇಳಿದ್ದು ನಿಲುವಿನಲ್ಲಿ ಪಾಲು. ಪ್ರತಿ ಮಹಡಿಯ 1ನೇ ನಂಬರಿನ ಫ್ಲಾಟ್, ಅಂದರೆ 101ರಿಂದ 801ರವರೆಗೆ 8, ಜೊತೆಗೆ 403ರಿಂದ 803ರವರೆಗೆ 5. ಒಟ್ಟು 13. ಕಾರ್ಪೆಟ್ 11,375 ಬಂತು, ಮಾವನ ಪಾಲಿಗಿಂತ 175 ಚದರಡಿ ಜಾಸ್ತಿ. ಪಾಲು ಯಾವತ್ತೂ ಸರಿಯಾಗಿ ಇಡೀ ಫ್ಲಾಟಿಗೆ ಬಂದು ನಿಲ್ಲುವುದಿಲ್ಲ, ಈ ಚಿಲ್ಲರೆ ಇದ್ದೇ ಇರುತ್ತದೆ. ಕರಡಿನಲ್ಲಿ ಇದಕ್ಕೆ "ಪರಸ್ಪರ ಒಪ್ಪಿದ ದರ" ಅಂತ ಬರೆದಿದ್ದರು. ನಾಲ್ಕು ವರ್ಷ ಆದ ಮೇಲೆ ಇಬ್ಬರೂ ಒಂದು ದರಕ್ಕೆ ಒಪ್ಪುವುದುಂಟಾ? ನಾವು ಅದನ್ನು ಹೊಡೆದು ಹಾಕಿ, "ಕೀಲಿ ಕೊಡುವ ಮೊದಲಿನ ಆರು ತಿಂಗಳಲ್ಲಿ ಇದೇ ಕಟ್ಟಡದ ನೋಂದಾಯಿತ ಮಾರಾಟಗಳ ಸರಾಸರಿ ದರ" ಅಂತ ಹಾಕಿಸಿದೆವು. ಕೊಡುವವರು ಯಾರೇ ಆಗಲಿ ಅಳತೆಗೋಲು ಒಂದೇ.

ಪಾಲಿನ ಭಾಗದಲ್ಲಿ ಇನ್ನೂ ಎರಡು ವಿಷಯ ಬಿಡಬೇಡಿ. ಒಂದು, ನಂತರ ಬೇರೆ ಜಾಗದ ಕಟ್ಟುವ ಹಕ್ಕಾದ ಟಿಡಿಆರ್ ತಂದೋ, ಹೆಚ್ಚು ಕಟ್ಟುವ ಅನುಮತಿಗೆ ಪ್ರೀಮಿಯಂ ಎಫ್‌ಎಆರ್ ಕಟ್ಟಿಯೋ ಬಿಲ್ಡರ್ ಇನ್ನೊಂದು ಮಹಡಿ ಏರಿಸಿದರೆ ಅದು ಯಾರದ್ದು? ಕಾಗದ ಸುಮ್ಮನಿದ್ದರೆ ಜಗಳ ಗ್ಯಾರಂಟಿ. ಅದೇ ಅನುಪಾತದಲ್ಲಿ ಹಂಚಿಕೆ ಅಂತ ಬರೆಸಿ, ಟಿಡಿಆರ್ ಖರ್ಚು ಯಾರದ್ದು ಅಂತಲೂ ಬರೆಸಿ. ಇನ್ನೊಂದು ನಮ್ಮ ಊರಿನದೇ ಸಮಸ್ಯೆ: ನಾಗಬನ. ಕರಡಿನ ಷೆಡ್ಯೂಲ್‌ನಲ್ಲಿ 40 ಸೆಂಟ್ಸೂ ಸೇರಿತ್ತು, ಬನದ 2 ಸೆಂಟ್ಸ್ ಕೂಡ. ಹಾಗೇ ಬಿಟ್ಟರೆ ನಾಳೆ ಫ್ಲಾಟ್ ತಗೊಂಡ 32 ಮನೆಯವರಿಗೂ ಬನದ ನೆಲದಲ್ಲಿ ಅವಿಭಜಿತ ಪಾಲು ಬರುತ್ತದೆ, ವರ್ಷಕ್ಕೊಮ್ಮೆ ತಂಬಿಲಕ್ಕೆ ಹೋಗಲು ಅಸೋಸಿಯೇಷನ್ ಹತ್ತಿರ ಕೇಳುವ ಪರಿಸ್ಥಿತಿ. ಸರ್ವೇ ಮಾಡಿಸಿ ಬನವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಸ್ಕೆಚ್‌ನಲ್ಲಿ ಹೊರಗಿಟ್ಟೆವು. ಬಿಲ್ಡರ್ ಇದಕ್ಕೆ ಒಂದು ಮಾತೂ ಆಡಲಿಲ್ಲ. ಬನದ ತಂಟೆಗೆ ಹೋಗುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ ಬಿಡಿ.

ಗಡುವು: 36 ತಿಂಗಳು ಅಂದರೆ ಎಷ್ಟು ತಿಂಗಳು?

ಇದು ನನಗೆ ಇಡೀ ಕಾಗದದಲ್ಲಿ ಅತಿ ಮಜಾ ಅನ್ನಿಸಿದ ಸಾಲು: "ಕಾಮಗಾರಿ ಆರಂಭದ ಅನುಮತಿ ಸಿಕ್ಕ ದಿನದಿಂದ, ಮಳೆಗಾಲ ಹೊರತುಪಡಿಸಿ, 36 ತಿಂಗಳು, ಮತ್ತು 6 ತಿಂಗಳ ಗ್ರೇಸ್."

ನಮ್ಮಲ್ಲಿ ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್, ನಾಲ್ಕು ತಿಂಗಳು. ಅದನ್ನು ಕಳೆದರೆ ವರ್ಷಕ್ಕೆ ಲೆಕ್ಕಕ್ಕೆ ಸಿಗುವುದು 8 ತಿಂಗಳು. 36 ತಿಂಗಳು ತುಂಬಲು ನಾಲ್ಕೂವರೆ ವರ್ಷ ಬೇಕು. ಮೇಲೆ ಗ್ರೇಸ್. ಮೂರು ವರ್ಷ ಅಂತ ಮಾವ ಅಂದುಕೊಂಡದ್ದು ಕಾಗದದ ಪ್ರಕಾರ ಐದು ವರ್ಷ. "ಮಳೆಗಾಲ ಹೊರತುಪಡಿಸಿ" ಅನ್ನುವ ಎರಡೇ ಎರಡು ಪದ, ಒಂದೂವರೆ ವರ್ಷ ಹೆಚ್ಚು!

ಮಳೆಯಲ್ಲಿ ಪಾಯ ತೋಡುವುದು ಕಷ್ಟ ಅನ್ನುವುದು ಸುಳ್ಳಲ್ಲ. ಗುಡ್ಡ ಕಡಿದ ಜಾಗದಲ್ಲಿ ಜೂನ್‌ನಲ್ಲಿ ಹೊಂಡ ತೆರೆದಿಟ್ಟರೆ ಪಕ್ಕದ ಕಾಂಪೌಂಡೇ ಕುಸಿದು ಬರುತ್ತದೆ. ಆದರೆ ಪಾಯ ಮೇಲೆ ಬಂದು ನಾಲ್ಕು ಸ್ಲ್ಯಾಬ್ ಬಿದ್ದ ಮೇಲೆ ಒಳಗಿನ ಗಾರೆ, ವೈರಿಂಗ್, ಟೈಲ್ಸ್ ಕೆಲಸಕ್ಕೆ ಮಳೆ ಯಾವ ಲೆಕ್ಕ? ಪ್ರತಿ ವರ್ಷ ಬರುವ ಮಳೆ ಆಕಸ್ಮಿಕ ಅಲ್ಲ, ಗಡುವು ಹಾಕುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಕೊನೆಗೆ ನಾವು ಒಪ್ಪಿದ್ದು, ಪಾಯದ ಹಂತ ಮಳೆಗಾಲಕ್ಕೆ ಸಿಕ್ಕಿಕೊಂಡರೆ ಒಂದೇ ಸಲ ನಾಲ್ಕು ತಿಂಗಳು ರಿಯಾಯಿತಿ, ಮತ್ತೆ ಇಲ್ಲ. ಮರಳು ಇಲ್ಲ, ಕೆಂಪು ಕಲ್ಲು ಇಲ್ಲ ಅನ್ನುವ ಕಾರಣವೂ ಹೀಗೆಯೇ. ಸರ್ಕಾರದ ಲಿಖಿತ ಆದೇಶದಿಂದ ಕೆಲಸ ನಿಂತರೆ ಅಷ್ಟೇ ದಿನ ಸೇರಿಸಿ, "ಸಾಮಗ್ರಿ ಕೊರತೆ" ಅನ್ನುವ ಸಡಿಲ ಮಾತು ಮಾತ್ರ ಬೇಡ.

ಎರಡನೇ ತೂತು ಗಡಿಯಾರ ಶುರುವಾಗುವ ಜಾಗದಲ್ಲಿದೆ. ಅನುಮತಿ ಸಿಕ್ಕ ದಿನದಿಂದ 36 ತಿಂಗಳು, ಸರಿ. ಅನುಮತಿಗೆ ಅರ್ಜಿ ಹಾಕುವುದು ಯಾವಾಗ? ಕರಡಿನಲ್ಲಿ ಅದರ ಸುದ್ದಿಯೇ ಇಲ್ಲ. ಬಿಲ್ಡರ್ ಎರಡು ವರ್ಷ ಅರ್ಜಿಯನ್ನೇ ಹಾಕದೆ ಕೂತರೂ ಒಂದು ದಿನವೂ ತಡವಾದ ಹಾಗಾಗುವುದಿಲ್ಲ. ಮಾವನ ಜಾಗ ಮಾತ್ರ ಕಟ್ಟಿಹಾಕಿದ ಹಾಗೆ. ಬ್ಯಾಂಕಿನಲ್ಲಿದ್ದಾಗ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ: ಅಗ್ರಿಮೆಂಟ್ ಮಾಡಿ ಜಾಗ ಹಿಡಿದಿಟ್ಟುಕೊಳ್ಳುವುದು, ಮೊದಲಿನ ಪ್ರಾಜೆಕ್ಟ್‌ನ ದುಡ್ಡು ಬಂದ ಮೇಲೆ ಇದಕ್ಕೆ ಕೈ ಹಾಕುವುದು.

ಹಾಗಾಗಿ ಸಹಿ ಆದ ದಿನದಿಂದಲೇ ಲೆಕ್ಕ ಶುರು ಮಾಡಿ. ನಾವು ಬರೆಸಿದ್ದು ಹೀಗೆ. ಆರ್‌ಟಿಸಿ, ಕನ್ವರ್ಷನ್ ಆದೇಶ, ಇ-ಖಾತಾ, ಸರ್ವೇ ಸ್ಕೆಚ್ ಎಲ್ಲವನ್ನೂ ಮಾವ 30 ದಿನದಲ್ಲಿ ಕೊಡಬೇಕು. ಬಿಲ್ಡರ್ 3 ತಿಂಗಳೊಳಗೆ ನಕ್ಷೆಗೆ ಅರ್ಜಿ ಹಾಕಿ ಸ್ವೀಕೃತಿ ತೋರಿಸಬೇಕು. 12 ತಿಂಗಳೊಳಗೆ ಅನುಮತಿ ತರಬೇಕು. ಅಲ್ಲಿಂದ 36 ತಿಂಗಳು ಕಟ್ಟುವುದಕ್ಕೆ, 3 ತಿಂಗಳು ಗ್ರೇಸ್. ಒಟ್ಟು 51 ತಿಂಗಳು. ಇದನ್ನು ತಿಂಗಳಲ್ಲಿ ಬಿಟ್ಟು ಸುಮ್ಮನಾಗಬೇಡಿ, ಕ್ಯಾಲೆಂಡರ್ ನೋಡಿ ಇಂಥ ತಾರೀಕು ಅಂತ ಬರೆಸಿ. ಮೇಲೆ ಹೇಳಿದ ಮಳೆಗಾಲದ ರಿಯಾಯಿತಿ, ಸರ್ಕಾರಿ ಆದೇಶ, ಇವೆರಡು ಬಿಟ್ಟು ಆ ತಾರೀಕು ಮುಂದೆ ಹೋಗಬಾರದು.

ನಮ್ಮ ಕಡೆಯ ತಪ್ಪಿಗೂ ದಿನ ಸೇರುತ್ತದೆ, ಅದು ನ್ಯಾಯವೇ. ಮಾವನ ತಂಗಿ ಮುಂಬೈಯಲ್ಲಿದ್ದಾರೆ, ಹಳೇ ಪಾಲುಪಟ್ಟಿಯಲ್ಲಿ ಅವರ ಹೆಸರು ಉಂಟು, ಅವರ ಸಹಿಗೆ 20 ದಿನ ತಡವಾಯ್ತು. ಕರಡಿನ ಪ್ರಕಾರ ಮಾಲೀಕರ ದಾಖಲೆಯಲ್ಲಿ "ಯಾವುದೇ ಲೋಪ" ಕಂಡರೆ ಇಡೀ ಗಡುವೇ ಅಮಾನತು. ನಾವು ಬದಲಾಯಿಸಿದ್ದು: ನಿಜವಾಗಿ ಎಷ್ಟು ದಿನ ಹಾಳಾಯಿತೋ ಅಷ್ಟೇ ದಿನ, ಅದೂ ಬಿಲ್ಡರ್ 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿದ್ದರೆ.

ಇನ್ನೊಂದು, "ಮುಗಿಯಿತು" ಅಂದರೆ ಏನು? ಕರಡಿನಲ್ಲಿ "ವಾಸಕ್ಕೆ ಯೋಗ್ಯ" ಅಂತ ಆರ್ಕಿಟೆಕ್ಟ್ ಪತ್ರ ಕೊಟ್ಟರೆ ಸಾಕಿತ್ತು. ಆ ಆರ್ಕಿಟೆಕ್ಟ್‌ಗೆ ಫೀಸು ಕೊಡುವವರು ಯಾರು? ನೀವು ಹೀಗೆ ಬರೆಸಿ: ವಾಸಕ್ಕೆ ಪಾಲಿಕೆ ಅಥವಾ ನಗರಸಭೆ ಕೊಡುವ ಅನುಮತಿ ಪತ್ರ ಅಂದರೆ ಒಸಿ, ಮೆಸ್ಕಾಂನ ಪರ್ಮನೆಂಟ್ ಕನೆಕ್ಷನ್, ನೀರಿನ ಕನೆಕ್ಷನ್, ಲಿಫ್ಟ್ ಲೈಸೆನ್ಸ್. ಈ ನಾಲ್ಕೂ ಬಂದ ಮೇಲೆಯೇ ಕೀಲಿ ಕೊಟ್ಟ ಲೆಕ್ಕ. ಕಟ್ಟುವ ಸಮಯದ ಟೆಂಪರರಿ ಕರೆಂಟಿನಲ್ಲಿ ವರ್ಷಗಟ್ಟಲೆ ಜನ ವಾಸವಿದ್ದ ಕಟ್ಟಡಗಳನ್ನು ನಾನು ನೋಡಿದ್ದೇನೆ.

ರೇರಾದಲ್ಲಿ ಹಾಕುವ ತಾರೀಕನ್ನೂ ಕಣ್ಣಿಟ್ಟು ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಜಾಸ್ತಿ ಫ್ಲಾಟ್ ಇದ್ದರೆ ನೋಂದಣಿ ಕಡ್ಡಾಯ. ಅಲ್ಲಿ ಬಿಲ್ಡರ್ ಮುಗಿಸುವ ತಾರೀಕು ಘೋಷಿಸಬೇಕು. ಜೆಡಿಎಯಲ್ಲಿ ಒಂದು, ಅಲ್ಲಿ ಒಂದೂವರೆ ವರ್ಷ ಆಚೆಯದ್ದು ಇನ್ನೊಂದು ಇರಬಹುದು. rera.karnataka.gov.in ನಲ್ಲಿ ಯಾರು ಬೇಕಾದರೂ ನೋಡಬಹುದು. ರೇರಾ ಕೊಟ್ಟ ವಿಸ್ತರಣೆ ಮಾಲೀಕರ ಗಡುವಿಗೆ ತಾನಾಗಿ ಅನ್ವಯ ಆಗುವುದಿಲ್ಲ ಅಂತ ಜೆಡಿಎಯಲ್ಲಿ ಒಂದು ಸಾಲು ಇರಲಿ.

ಮಾತು ತಪ್ಪಿದರೆ

ಮಾವನ ಮೊದಲ ಪ್ರಶ್ನೆ, "ತಡ ಮಾಡಿದರೆ ಅಗ್ರಿಮೆಂಟ್ ಕ್ಯಾನ್ಸಲ್ ಮಾಡಿ ಜಾಗ ವಾಪಸ್ ತಗೊಂಡರಾಯ್ತಲ್ಲ?" ಕಾಗದದಲ್ಲಿ ಆಗುತ್ತದೆ, ನೆಲದ ಮೇಲೆ ಆಗುವುದಿಲ್ಲ. ಆರು ಸ್ಲ್ಯಾಬ್ ಬಿದ್ದು, ಹತ್ತು ಜನ ಬ್ಯಾಂಕ್ ಸಾಲ ಮಾಡಿ ನೋಂದಾಯಿತ ಕರಾರು ಮಾಡಿಕೊಂಡ ಮೇಲೆ ರದ್ದು ಅಂತ ನೋಟಿಸ್ ಕೊಟ್ಟರೆ ಆ ಹತ್ತು ಜನ ಎಲ್ಲಿಗೆ ಹೋಗುತ್ತಾರೆ? ಕೋರ್ಟೂ ರೇರಾವೂ ಮೊದಲು ಅವರನ್ನು ನೋಡುತ್ತವೆ. ಹಾಗಾಗಿ ರದ್ದು ಮಾಡುವ ಹಕ್ಕಿಗೆ ಪಾಯದ ತನಕ ಮಾತ್ರ ಹಲ್ಲು ಉಂಟು ಅಂತ ತಿಳಿದುಕೊಳ್ಳಿ. ಅಲ್ಲಿಂದ ಮುಂದೆ ಕೆಲಸ ಮಾಡುವುದು ದುಡ್ಡು ಮತ್ತು ಹಿಡಿತ.

ಪಾಯದ ಮೊದಲಿನ ಹಂತಕ್ಕೆ ಸ್ಪಷ್ಟವಾಗಿ ಬರೆಸಿ: 3 ತಿಂಗಳಲ್ಲಿ ಅರ್ಜಿ ಇಲ್ಲ, 12 ತಿಂಗಳಲ್ಲಿ ಅನುಮತಿ ಇಲ್ಲ, ಇಲ್ಲವೇ ಕೆಲಸ ಸತತ 90 ದಿನ ನಿಂತಿದೆ ಅಂದರೆ 60 ದಿನದ ನೋಟಿಸ್, ಸರಿಪಡಿಸದಿದ್ದರೆ ಕರಾರು ಮುಗಿಯಿತು. ಮಾಲೀಕರ ಪರವಾಗಿ ಸಹಿ ಹಾಕಲು ಬಿಲ್ಡರ್ ಪಡೆದ ಅಧಿಕಾರ ಪತ್ರವೇ ಜಿಪಿಎ, ಅದರ ರದ್ದು ಪತ್ರಕ್ಕೆ ಬಿಲ್ಡರ್ ಸಹಿ ಹಾಕಲೇಬೇಕು, ಆಮೇಲೆಯೇ ಅವರು ಕೊಟ್ಟ ಡೆಪಾಸಿಟ್ ವಾಪಸ್. ಇದು ಯಾಕೆ ಮುಖ್ಯ ಅಂದರೆ, ಬಿಲ್ಡರ್‌ಗೆ ಆ ಆಸ್ತಿಯಲ್ಲಿ ಸ್ವಂತ ಹಿತ ಇರುವ ಜಿಪಿಎಯನ್ನು ಮಾಲೀಕ ತನ್ನಷ್ಟಕ್ಕೆ ಹಿಂತೆಗೆದುಕೊಳ್ಳುವುದು ಕರಾರು ಕಾಯ್ದೆಯ 202ನೇ ಕಲಂ ಪ್ರಕಾರ ಸುಲಭ ಅಲ್ಲ.

ಅದಕ್ಕೇ ಜಿಪಿಎಯನ್ನು ಒಂದೇ ಸಲ ಪೂರ್ತಿ ಕೊಡಬಾರದು. ನಾವು ಎರಡು ಮಾಡಿಸಿದೆವು. ಮೊದಲನೆಯದು ಲೈಸೆನ್ಸ್, ನಕ್ಷೆ, ಮೆಸ್ಕಾಂ ಓಡಾಟಕ್ಕೆ ಮಾತ್ರ. ಎರಡನೆಯದು ಬಿಲ್ಡರ್ ಪಾಲಿನ 19 ಫ್ಲಾಟ್ ಮಾರಲು, ಆದರೆ ಹಂತ ಹಂತವಾಗಿ: ರೇರಾ ನೋಂದಣಿ ಆದ ಮೇಲೆ 8, ಐದನೇ ಸ್ಲ್ಯಾಬ್ ಆದ ಮೇಲೆ ಇನ್ನೂ 8, ಕೊನೆಯ 3 ಫ್ಲಾಟ್ ಒಸಿ ಬಂದು ಮಾವನ 13 ಕೀಲಿ ಕೈಗೆ ಬಂದ ಮೇಲೆಯೇ. ಆ ಮೂರು ಮೇಲಿನ ಮಹಡಿಯವು. ನೋಟಿಸು, ಕೋರ್ಟು ಅಂತ ಅಲೆಯುವುದಕ್ಕಿಂತ ಆ ಮೂರು ಫ್ಲಾಟೇ ಬಿಲ್ಡರ್‌ನ್ನು ಓಡಿಸುತ್ತದೆ. ಅವರು ಎರಡು ವಾರ ಮುಖ ಗಂಟು ಹಾಕಿಕೊಂಡರು, ಆಮೇಲೆ ಒಪ್ಪಿದರು.

ತಡದ ಪರಿಹಾರಕ್ಕೆ ಬನ್ನಿ. ಕರಡಿನಲ್ಲಿ ಸೂಪರ್ ಬಿಲ್ಟ್‌ಅಪ್ ಚದರಡಿಗೆ ತಿಂಗಳಿಗೆ 3 ರೂಪಾಯಿ. 16,000 ಚದರಡಿಗೆ 48,000. ಮಾವನ 13 ಫ್ಲಾಟ್ ಬಾಡಿಗೆಗೆ ಕೊಟ್ಟರೆ ಅದರ ಹಲವು ಪಟ್ಟು ಬರುತ್ತದೆ. ಹಾಗಾದರೆ ಬಿಲ್ಡರ್‌ಗೆ ತಡ ಮಾಡುವುದೇ ಅಗ್ಗ. ನಾವು ಹಾಕಿಸಿದ್ದು ಮೊದಲ ಆರು ತಿಂಗಳು ಫ್ಲಾಟಿಗೆ 12,000, ಅಂದರೆ ತಿಂಗಳಿಗೆ 1,56,000. ಆಮೇಲೆ ಫ್ಲಾಟಿಗೆ 18,000, ಅಂದರೆ 2,34,000. ಕೋಪದಲ್ಲಿ ಲಕ್ಷಗಟ್ಟಲೆ ದಂಡ ಬರೆಸಿ ಪ್ರಯೋಜನ ಇಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ಸಮಂಜಸ ಅನಿಸಿದಷ್ಟನ್ನು ಕೋರ್ಟ್ ಕೊಡುತ್ತದೆ. ಆ ಏರಿಯಾದ ಬಾಡಿಗೆಗೆ ಹೊಂದುವ ಅಂಕಿ ಇದ್ದರೆ ವಾದ ನಿಲ್ಲುತ್ತದೆ. ಸುತ್ತಲಿನ ಎರಡು ಮೂರು ಬಾಡಿಗೆ ಕರಾರಿನ ಜೆರಾಕ್ಸ್ ತೆಗೆದಿಡಿ.

ಈ ದುಡ್ಡು ವಸೂಲಿ ಹೇಗೆ? ಬಿಲ್ಡರ್ ಮಾವನಿಗೆ 30 ಲಕ್ಷ ಡೆಪಾಸಿಟ್ ಕೊಟ್ಟಿದ್ದಾರೆ, ಕೀಲಿ ಸಿಕ್ಕಾಗ ವಾಪಸ್ ಕೊಡಬೇಕು. ಪರಿಹಾರವನ್ನು ಅದರಲ್ಲೇ ಮುರಿದುಕೊಳ್ಳುವ ಹಕ್ಕು ಬರೆಸಿದೆವು. ಹತ್ತು ತಿಂಗಳು ತಡ ಆಯಿತು ಅನ್ನಿ. ಮೊದಲ ಆರಕ್ಕೆ 9,36,000, ಮುಂದಿನ ನಾಲ್ಕಕ್ಕೆ 9,36,000, ಒಟ್ಟು 18,72,000. ಮಾವ ವಾಪಸ್ ಕೊಡಬೇಕಾದದ್ದು 11,28,000 ಮಾತ್ರ. ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಹಾಗಾಗಿ ಡೆಪಾಸಿಟ್ ದುಡ್ಡನ್ನು ಮದುವೆಗೆ, ಕಾರಿಗೆ ಖರ್ಚು ಮಾಡಬೇಡಿ ಅಂತ ಮಾವನಿಗೆ ಹೇಳಿದ್ದೇನೆ. ಕೇಳುತ್ತಾರೋ ಇಲ್ಲವೋ. ಹಂಚಿನ ಮನೆ ಕೆಡವಿದ ಮೇಲೆ ಅವರು ಇರುವ ಬಾಡಿಗೆ ಮನೆಯ ಬಾಡಿಗೆಯೂ ಕೀಲಿ ಕೈಗೆ ಸಿಗುವ ತನಕ ಬಿಲ್ಡರ್‌ದೇ, ಗಡುವಿನ ದಿನಕ್ಕೆ ನಿಲ್ಲುವ ಹಾಗಿಲ್ಲ.

ಪ್ರಾಜೆಕ್ಟ್ ಸಾಲದ ಕಲಂ ಬ್ಯಾಂಕಿನವನಾಗಿ ನನಗೆ ಅತಿ ಭಯ ಹುಟ್ಟಿಸುವುದು. "ಆಸ್ತಿಯನ್ನು ಅಡಮಾನ ಮಾಡಲು ಮಾಲೀಕರ ಸಮ್ಮತಿ ಇದೆ" ಅಂತ ಒಂದು ಸಾಲು 27ನೇ ಪುಟದಲ್ಲಿ ಅಡಗಿತ್ತು. ಅಂದರೆ ಬಿಲ್ಡರ್ ಸಾಲ ತೀರಿಸದಿದ್ದರೆ ಬ್ಯಾಂಕು ಮಾವನ ಪಾಲಿನ ಮೇಲೂ ಬರುತ್ತದೆ. ಅಡಮಾನ ಬಿಲ್ಡರ್ ಪಾಲಿಗೆ ಮಾತ್ರ, ಮಾಲೀಕರ 13 ಫ್ಲಾಟೂ ಅದಕ್ಕೆ ಸೇರಿದ ನೆಲದ ಪಾಲೂ ಹೊರಗೆ ಅಂತ ತಿದ್ದಿಸಿ, ಮೂಲ ಪತ್ರಗಳನ್ನು ಬಿಲ್ಡರ್ ಕೈಗೆ ಕೊಡಬೇಡಿ. ಆರು ತಿಂಗಳಿಗೊಮ್ಮೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆದು ನೋಡಿ.

ಇನ್ನು ಮಾಲೀಕರೇ ಸಿಕ್ಕಿಬೀಳುವ ಜಾಗ. ಕಟ್ಟಡ ಏಳುತ್ತಿರುವಾಗಲೇ ತನ್ನ ಪಾಲಿನ ಎರಡು ಫ್ಲಾಟ್ ಮಾರಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾರಿದರೆ ರೇರಾ ಕಣ್ಣಿನಲ್ಲಿ ನೀವೂ ಪ್ರೊಮೋಟರ್, ಬಿಲ್ಡರ್ ತಡ ಮಾಡಿದ್ದಕ್ಕೆ ನಿಮ್ಮ ಖರೀದಿದಾರ ನಿಮ್ಮನ್ನೂ ಕೇಳಬಹುದು. ತೆರಿಗೆಯಲ್ಲೂ ಪೆಟ್ಟು: ನೋಂದಾಯಿತ ಜೆಡಿಎ ಮಾಡಿದ ವ್ಯಕ್ತಿಗೆ ಅಥವಾ ಅವಿಭಕ್ತ ಕುಟುಂಬಕ್ಕೆ ಲಾಭದ ತೆರಿಗೆ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷಕ್ಕೆ ಬರುತ್ತದೆ ಅಂತ 2017ರಲ್ಲಿ ತಂದ ಅನುಕೂಲ ಉಂಟು, ಅದಕ್ಕೆ ಮೊದಲೇ ಪಾಲು ಮಾರಿದರೆ ಆ ಅನುಕೂಲ ಹೋಗುತ್ತದೆ. ಇದನ್ನು ನಿಮ್ಮ ಸಿಎ ಹತ್ತಿರ ಕೂತು ನೋಡಿ. ಮಾಲೀಕರ ಫ್ಲಾಟುಗಳ ಜಿಎಸ್‌ಟಿ ಯಾರ ತಲೆಗೆ ಅಂತಲೂ ಅದೇ ದಿನ ಕೇಳಿ, ಅದು ಜೆಡಿಎಯಲ್ಲಿ ಬರೆದಿರಬೇಕು.

ವ್ಯಾಜ್ಯದ ಕಲಂನಲ್ಲಿ ಆರ್ಬಿಟ್ರೇಷನ್ ಬೆಂಗಳೂರಿನಲ್ಲಿ ಅಂತ ಇತ್ತು. 70 ದಾಟಿದ ಮಾವ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿಳಿಯಬೇಕಾ? ಮಂಗಳೂರು ಅಂತ ಬದಲಾಯಿಸಿದೆವು. ಜೊತೆಗೆ ಇದೂ ಗೊತ್ತಿರಲಿ: ಇಂಥ ಕರಾರಿನಲ್ಲಿ ತನ್ನ ಪಾಲಿಗೆ ಕಾಯುವ ಜಾಗದ ಮಾಲೀಕ ಗ್ರಾಹಕನೇ, ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ 2008ರಲ್ಲೇ ಸುಪ್ರೀಂ ಕೋರ್ಟ್ ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ಹೇಳಿದೆ.

ಶನಿವಾರದ ಸಹಿ ಆಗಲಿಲ್ಲ. ಏಳು ವಾರ ಹಿಡಿಯಿತು. ವಕೀಲರಿಗೆ ಕೊಟ್ಟು ಎರಡು ಸಲ ಕರಡು ತಿರುಗಾಡಿ 38 ಪುಟ 44 ಆಯ್ತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ ಹೊರಗೆ ಬಂದಾಗ ಬಿಲ್ಡರ್ ನನ್ನ ಕೈ ಕುಲುಕಿ, "ನೀವು ಬ್ಯಾಂಕಿನಲ್ಲೇ ಇರಬೇಕಿತ್ತು ಸಾರ್" ಅಂದರು. ಮೊದಲ ಪರೀಕ್ಷೆ ಮೂರನೇ ತಿಂಗಳಿಗೆ ಇತ್ತು. ನಕ್ಷೆಯ ಅರ್ಜಿಯ ಸ್ವೀಕೃತಿ 86ನೇ ದಿನ ಮಾವನ ವಾಟ್ಸಾಪ್‌ಗೆ ಬಂತು.